ಶಾಸಕರೇ, ಆ ಪಾರ್ವತಿಯ ಫಲಕಕ್ಕೆ ಅರವತ್ತು ಪದ ಸಾಕು

ಮಾನ್ಯ ಶಾಸಕರಿಗೆ ನಮಸ್ಕಾರ,

ನಾನು ಕೋಲಾರ ಜಿಲ್ಲೆಯವಳು, ನಿಮ್ಮ ಮತದಾರಳು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದೆ. ನಮ್ಮ ಕಡೆಯ ಚಿಕ್ಕ ಮ್ಯೂಸಿಯಂ ಒಂದಕ್ಕೆ ಹೊಸ ಫಲಕ ಹಾಕಿಸಲು ನಿಮ್ಮ ನಿಧಿಯಿಂದ ದುಡ್ಡು ಕೊಟ್ಟಿದ್ದೀರಿ. ಅದಕ್ಕೆ ಮೊದಲು ಧನ್ಯವಾದ. ಆದರೆ ಪ್ರಿಂಟಿಗೆ ಹೋಗಲು ರೆಡಿಯಾಗಿರುವ ಬರಹವನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಎಲ್ಲ ಫಲಕಗಳ ಬಗ್ಗೆ ಹೇಳಲು ಹೋಗುವುದಿಲ್ಲ. ಒಂದೇ ಒಂದು ಮೂರ್ತಿಯ ಬಗ್ಗೆ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಒಳಗಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಕಂಚಿನ ಪಾರ್ವತಿ ನಿಂತಿದ್ದಾಳೆ, ಸುಮಾರು ಎರಡಡಿ ಎತ್ತರ. ಈಗ ಅಲ್ಲಿರುವ ಹಳೆಯ ಚೀಟಿಯಲ್ಲಿ 'ಪಾರ್ವತಿ, ಕಂಚು, ಚೋಳ ಶೈಲಿ' ಅಂತ ಅಷ್ಟೇ ಇದೆ. ಹೊಸ ಬರಹ ಇನ್ನೂರು ಪದ ದಾಟಿದೆ. ಅದು ಭವ್ಯ ಪರಂಪರೆಯಿಂದ ಶುರುವಾಗಿ ಲಾಲಿತ್ಯ, ದಿವ್ಯತೆ ಎಲ್ಲ ಮುಗಿಸಿಕೊಂಡು ತ್ರಿಭಂಗ, ಕಟಕ ಹಸ್ತ, ಕರಂಡ ಮುಕುಟ ಅಂತ ನಿಲುವು, ಕೈ, ಕಿರೀಟದ ಶಾಸ್ತ್ರದ ಹೆಸರುಗಳಿಗೆ ಬರುತ್ತದೆ, ಕೊನೆಗೆ ಫಲಕಕ್ಕೆ ನೆರವಾದವರ ಹೆಸರುಗಳಿವೆ. ಚೀಟಿಯಲ್ಲಿ ಹೇಳಿದ್ದು ಕಡಿಮೆ, ಹೊಸ ಬರಹದಲ್ಲಿ ಹೇಳಿದ್ದು ಜಾಸ್ತಿ. ಎರಡರಲ್ಲೂ ಮೂರ್ತಿಯನ್ನು ನೋಡಲು ಏನೂ ಸಹಾಯ ಇಲ್ಲ.

ಮ್ಯೂಸಿಯಂಗೆ ಬರುವವರು ನಿಂತುಕೊಂಡು ಓದುತ್ತಾರೆ. ಜೊತೆಗೆ ಮಗು ಇರುತ್ತದೆ, ಮುಂದೆ ಇನ್ನೂ ನಾಲ್ಕು ಕೋಣೆ ಇರುತ್ತವೆ. ಒಂದು ಮೂರ್ತಿಯ ಹತ್ತಿರ ಅರ್ಧ ನಿಮಿಷ ನಿಂತರೆ ಅದೇ ದೊಡ್ಡದು. ಆ ಅರ್ಧ ನಿಮಿಷದಲ್ಲಿ ಕಣ್ಣು ಗೋಡೆಗೂ ಮೂರ್ತಿಗೂ ಹೋಗಿ ಬರಬೇಕು, ಅಲ್ವಾ? ಅದಕ್ಕೇ ಒಂದು ವಸ್ತುವಿನ ಫಲಕಕ್ಕೆ ಸುಮಾರು ಅರವತ್ತು ಪದ ಅನ್ನುವ ಲೆಕ್ಕವನ್ನು ದೊಡ್ಡ ದೊಡ್ಡ ಮ್ಯೂಸಿಯಂಗಳು ಇಟ್ಟುಕೊಂಡಿವೆ. ಹೆಸರು, ಕಾಲ, ಲೋಹ, ಎತ್ತರ, ನೋಂದಣಿ ಸಂಖ್ಯೆ ಇವೆಲ್ಲ ಬೇರೆ ಸಾಲಿನಲ್ಲಿ ಇರುತ್ತವೆ, ಅರವತ್ತರಲ್ಲಿ ಸೇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಷಯವೂ ಇದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕೆಜಿಎಫ್ ಕಡೆ ತಮಿಳು. ಓದುವುದು ಮಾತ್ರ ಕನ್ನಡ. ಅವರಿಗೂ ಒಂದೇ ಓದಿಗೆ ಅರ್ಥವಾಗುವಂತೆ ಇರಬೇಕು.

ಹಾಗಾದರೆ ಆ ಅರವತ್ತು ಪದದಲ್ಲಿ ಏನಿರಬೇಕು? ನನ್ನ ಉತ್ತರ ಒಂದೇ. ಓದಿದವರು ತಕ್ಷಣ ತಲೆ ತಿರುಗಿಸಿ ನೋಡಿ ಖಚಿತ ಮಾಡಿಕೊಳ್ಳಬಹುದಾದ ಸಂಗತಿಯಿಂದ ಶುರುವಾಗಬೇಕು.

ಈ ಪಾರ್ವತಿಯಲ್ಲಿ ಅಂಥ ಸಂಗತಿ ಕಾಲ ಬುಡದಲ್ಲೇ ಇದೆ. ಪೀಠದ ಎರಡು ಬದಿಯಲ್ಲಿ ದಪ್ಪ ಬಳೆಗಳಿವೆ. ಬಂದವರಲ್ಲಿ ಅದನ್ನು ನೋಡಿದವರು ಕಡಿಮೆ, ಎಲ್ಲರ ಕಣ್ಣೂ ಮುಖಕ್ಕೆ ಹೋಗುತ್ತದೆ. ಆ ಬಳೆಗಳಲ್ಲಿ ಬೊಂಬು ತೂರಿಸಿ ಮೂರ್ತಿಯನ್ನು ಹೊರುತ್ತಿದ್ದರು. ಅಂದರೆ ಇದು ಉತ್ಸವಮೂರ್ತಿ. ಗರ್ಭಗುಡಿಯ ಕಲ್ಲಿನ ಮೂರ್ತಿ ಕದಲುವುದಿಲ್ಲ, ಬೀದಿಗೆ ಬರುವುದು ಇದು. ಉತ್ಸವಮೂರ್ತಿ ಅಂದರೆ ಏನು ಅಂತ ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗಾಜಿನ ಹಿಂದೆ ನಿಂತಿರುವುದೂ ಅಂಥದ್ದೇ ಅಂತ ಮಾತ್ರ ಯಾರೂ ಹೇಳಿಲ್ಲ. ತ್ರಿಭಂಗ ಅನ್ನುವ ಒಂದು ಪದಕ್ಕೆ ಮೂರು ಸಾಲು ವಿವರಣೆ ಬೇಕು, ಆದರೆ ಬಳೆಗಳನ್ನು ನೋಡಿ ಅಂದರೆ ಐದನೇ ಕ್ಲಾಸಿನ ಹುಡುಗಿಯೂ ಬಗ್ಗಿ ನೋಡುತ್ತಾಳೆ.

ಎರಡನೆಯದು ಮುಖ. ಮೂಗು ಸವೆದಿದೆ, ಕಣ್ಣಿನ ಗೆರೆ ಮಾಸಿದೆ. ಹೊಸ ಬರಹದಲ್ಲಿ ಇದನ್ನು 'ಹಾನಿಗೊಂಡಿದೆ' ಅಂತ ಬರೆದಿದ್ದಾರೆ. ಅದು ಸರಿಯಲ್ಲ. ಲೋಹ ತುಕ್ಕು ಹಿಡಿದು ಹಾಳಾದರೆ ಚಿಕ್ಕ ಚಿಕ್ಕ ಗುಳಿ ಬೀಳುತ್ತವೆ, ಅವು ಮುಂದೆ ಹಿಂದೆ ಅನ್ನದೆ ಎಲ್ಲಿ ಬೇಕಾದರೂ ಬೀಳುತ್ತವೆ, ಸಂದಿಗಳಲ್ಲೂ ಬೀಳುತ್ತವೆ. ಕೈಯಿಂದ ಉಜ್ಜಿ ಸವೆದರೆ ಬೇರೆ ಥರ. ಉಬ್ಬಿದ ಜಾಗಗಳು, ಅಂದರೆ ಮೂಗು, ಗಲ್ಲ, ಮಂಡಿ, ಇವು ಮಾತ್ರ ನುಣ್ಣಗಾಗುತ್ತವೆ; ತಗ್ಗುಗಳು ಹಾಗೇ ಉಳಿಯುತ್ತವೆ. ಈ ಪಾರ್ವತಿಯ ಬೆನ್ನ ಕಡೆ ಹೋಗಿ ನೋಡಿ, ಹಾರದ ಕೆತ್ತನೆ ಇನ್ನೂ ಚೂಪಾಗಿದೆ. ಮುಂದೆ ಮಾತ್ರ ನುಣುಪು. ಅಭಿಷೇಕ ಮಾಡಿ, ಒರೆಸಿ, ಉಜ್ಜಿ, ಮತ್ತೆ ಅಲಂಕಾರ ಮಾಡಿದ ಕೈಗಳ ಗುರುತು ಅದು. ದಕ್ಷಿಣದ ಹಳೆಯ ಉತ್ಸವಮೂರ್ತಿಗಳಲ್ಲಿ ಇಂಥ ಸವೆತ ಬಹಳ ಕಡೆ ಕಾಣುತ್ತದೆ. ಇದನ್ನು ಹಾನಿ ಅಂತ ಬರೆದರೆ ಪೂಜೆ ನಡೆದ ಕಾಲವನ್ನೇ ಅಳಿಸಿದಂತೆ ಆಗುತ್ತದೆ.

ಮೂರನೆಯದು ಎರಕ. ಜೇನುಮೇಣಕ್ಕೆ ರಾಳ ಸೇರಿಸಿ ಮೂರ್ತಿಯನ್ನು ಮೊದಲು ಮೇಣದಲ್ಲೇ ಪೂರ್ತಿ ಮಾಡುತ್ತಾರೆ. ಅದರ ಮೇಲೆ ನಯವಾದ ಮಣ್ಣು, ಆಮೇಲೆ ಒರಟು ಮಣ್ಣು ಮೆತ್ತಿ, ಒಣಗಿಸಿ, ತಂತಿ ಕಟ್ಟಿ, ಕಾಯಿಸುತ್ತಾರೆ. ಮೇಣ ಕರಗಿ ಹೊರಗೆ ಹರಿಯುತ್ತದೆ. ಉಳಿದ ಖಾಲಿ ಜಾಗಕ್ಕೆ ಲೋಹ ಹೊಯ್ಯುತ್ತಾರೆ, ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದು ಮೂರ್ತಿ ತೆಗೆಯುತ್ತಾರೆ. ತಂಜಾವೂರು ಜಿಲ್ಲೆಯ ಸ್ವಾಮಿಮಲೈಯಲ್ಲಿ ಇವತ್ತಿಗೂ ಹೀಗೇ ಮಾಡುತ್ತಾರೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಈ ವಿಧಾನವನ್ನು ಬರೆದಿಟ್ಟಿದ್ದಾನೆ. ಅದನ್ನೂ ಫಲಕಕ್ಕೆ ಸೇರಿಸಬೇಕು ಅಂತ ನನಗೆ ತುಂಬಾ ಆಸೆ ಇತ್ತು, ಆದರೆ ಬಿಟ್ಟೆ. ಅದು ಮೂರ್ತಿಯಲ್ಲಿ ಕಾಣುವುದಿಲ್ಲ, ಎರಕದ ಬಗ್ಗೆ ಬೇರೆ ಗೋಡೆಯಲ್ಲಿ ಹಾಕಬಹುದು. ಅಚ್ಚು ಒಡೆಯುತ್ತಾರೆ ಅನ್ನುವ ಒಂದು ಮಾತು ಸಾಕು, ಯಾಕೆಂದರೆ ಇದು ಒಂದೇ ಒಂದು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಇಷ್ಟನ್ನು ಸೇರಿಸಿ ಬರೆದ ಫಲಕ ಇದು.

ಉತ್ಸವಮೂರ್ತಿ ಪಾರ್ವತಿ

ಪೀಠದ ಎರಡು ಬದಿಯ ಬಳೆಗಳನ್ನು ನೋಡಿ. ಹಬ್ಬದ ದಿನ ಅವುಗಳಲ್ಲಿ ಬೊಂಬು ತೂರಿಸಿ ಈ ಪಾರ್ವತಿಯನ್ನು ಹೆಗಲ ಮೇಲೆ ಹೊತ್ತು ಬೀದಿಗೆ ತರುತ್ತಿದ್ದರು. ಗರ್ಭಗುಡಿಯ ಕಲ್ಲಿನ ಮೂರ್ತಿ ಕದಲುವುದಿಲ್ಲ; ಊರು ಸುತ್ತಿ ದರ್ಶನ ಕೊಡಲು ಲೋಹದ ಮೂರ್ತಿ ಬೇಕಿತ್ತು. ಬಲಗೈ ಬೆರಳುಗಳ ನಡುವೆ ಹೂ ಸಿಕ್ಕಿಸುತ್ತಿದ್ದರು. ಮೂಗು, ಕಣ್ಣು ಸವೆದಿರುವುದು ತಲೆಮಾರುಗಳ ಅಭಿಷೇಕದಿಂದ. ಮೇಣದಲ್ಲಿ ಮಾಡಿದ ಗೊಂಬೆಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಕರಗಿದ ಲೋಹ ಹೊಯ್ದು ಮಾಡಿದ್ದು. ಮೂರ್ತಿ ತೆಗೆಯಲು ಅಚ್ಚನ್ನು ಒಡೆಯಬೇಕು. ಹಾಗಾಗಿ ಇಂಥದ್ದೇ ಇನ್ನೊಂದಿಲ್ಲ.

ತಲೆಬರಹ ಬಿಟ್ಟರೆ 59 ಪದ. ಕಟಕ ಹಸ್ತ ಅನ್ನುವ ಹೆಸರು ಹೋಗಿದೆ, ಆದರೆ ಆ ಕೈ ಯಾಕೆ ಹಾಗೆ ಮಡಚಿದೆ ಅನ್ನುವುದು ಉಳಿದಿದೆ. ಮೊದಲು ಬರೆದಾಗ 'ಗುಡಿಯೊಳಗೆ ಬರಲಾಗದವರಿಗೂ ದರ್ಶನ ಸಿಗುತ್ತಿತ್ತು' ಅನ್ನುವ ಸಾಲೂ ಇತ್ತು. ಓದಲು ಚೆನ್ನಾಗಿತ್ತು. ಆದರೆ ಉತ್ಸವ ಎಲ್ಲ ಕೇರಿಗೂ ಹೋಗುತ್ತಿರಲಿಲ್ಲ ಅನ್ನುವುದು ನಮಗೆಲ್ಲ ಗೊತ್ತಿರುವ ವಿಷಯ. ಅರ್ಧ ನಿಜವನ್ನು ಸರ್ಕಾರದ ಗೋಡೆಯ ಮೇಲೆ ಬರೆಯಬಾರದು, ತೆಗೆದೆ.

ನಿಜದ ಮಾತು ಬಂದಿದ್ದಕ್ಕೆ ಇನ್ನೆರಡು ವಿಷಯ. ಹೊಸ ಬರಹದಲ್ಲಿ ಇದು 'ಕೋಲಾರದಲ್ಲಿ ರಾಜೇಂದ್ರ ಚೋಳ ಮಾಡಿಸಿದ ಪಂಚಲೋಹದ ವಿಗ್ರಹ' ಅಂತ ಇದೆ. ಚೋಳರು ಇಲ್ಲಿ ಆಳಿದ್ದು ನಿಜ. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರನ ಕಾಲದ ತಮಿಳು ಶಾಸನಗಳೇ ಇವೆ. ಆದರೆ ಶಾಸನ ಇರುವುದು ಗುಡಿಯ ಕಲ್ಲಿನಲ್ಲಿ, ಈ ಮೂರ್ತಿಯ ಪೀಠದ ಮೇಲೆ ಒಂದಕ್ಷರವೂ ಇಲ್ಲ. ಮ್ಯೂಸಿಯಂನ ನೋಂದಣಿ ಪುಸ್ತಕದಲ್ಲಿ ಸಿಕ್ಕಿದ ಜಾಗದ ಕಾಲಂ ಖಾಲಿ ಇದೆ. ಕಾಲವನ್ನು ಊಹಿಸಿರುವುದು ಒಡವೆ, ಕಿರೀಟ, ನಿಲುವು ನೋಡಿ. ಹಾಗಾಗಿ 'ಸುಮಾರು 12ನೇ ಶತಮಾನ, ಚೋಳ ಶೈಲಿ, ಸಿಕ್ಕಿದ ಜಾಗ ದಾಖಲಾಗಿಲ್ಲ' ಅಂತ ಬರೆಯುವುದೇ ಸರಿ. ನಮ್ಮೂರಿನದು ಅಂತ ಹೇಳಿಕೊಳ್ಳಲು ನನಗೂ ಇಷ್ಟವೇ. ನಾಳೆ ಬೇರೆ ಊರಿನ ಹಳೆಯ ಫೋಟೋದಲ್ಲಿ ಇದೇ ಮೂರ್ತಿ ಕಂಡರೆ ಏನು ಮಾಡುವುದು?

ಪಂಚಲೋಹ ಅನ್ನುವುದೂ ಹಾಗೇ. ಪರೀಕ್ಷೆ ಮಾಡಿದ ದಕ್ಷಿಣದ ಹಳೆಯ ಮೂರ್ತಿಗಳಲ್ಲಿ ಹೆಚ್ಚಿನ ಪಾಲು ತಾಮ್ರ, ಜೊತೆಗೆ ತವರ, ಸೀಸ. ಚಿನ್ನ, ಬೆಳ್ಳಿ ಕಂಡರೂ ಬಹಳ ಸ್ವಲ್ಪ. ಈ ಮೂರ್ತಿಯ ಲೋಹವನ್ನು ಯಾರೂ ಪರೀಕ್ಷಿಸಿಲ್ಲ. ಕಂಚು ಅಂತ ಬರೆದರೆ ಸಾಕು. ಚಿನ್ನ ಇದೆ ಅಂತ ಗೋಡೆಯ ಮೇಲೆ ಬರೆಯುವುದು ಕಳ್ಳರನ್ನು ಕರೆದಂತೆಯೂ ಹೌದು.

ಇನ್ನು ಪ್ರಿಂಟಿನ ವಿಷಯ. ಇದಕ್ಕೆ ನಿಮ್ಮ ಮಾತು ಬೇಕು, ಯಾಕೆಂದರೆ ಕೊಟೇಶನ್ ಚದರಡಿ ಲೆಕ್ಕದಲ್ಲಿದೆ. ಹೊಳೆಯುವ ಫ್ಲೆಕ್ಸ್ ಬೇಡ, ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ಬಿದ್ದರೆ ಅರ್ಧ ಅಕ್ಷರ ಕಾಣುವುದಿಲ್ಲ. ಮ್ಯಾಟ್ ಹಾಳೆ, ತಿಳಿ ಹಿನ್ನೆಲೆ, ಕಪ್ಪು ಅಕ್ಷರ, 24 ಪಾಯಿಂಟ್‌ಗೆ ಕಡಿಮೆ ಇಲ್ಲದ ಅಳತೆ. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಜಾಸ್ತಿ ಜಾಗ ಬಿಡಬೇಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಗುರುತು ಮೇಲೆ ಏರುತ್ತದೆ. ಸಾಲು ಬಿಗಿಯಾದರೆ ಎರಡೂ ತಾಗಿಕೊಂಡು ಓದಲು ಆಗುವುದಿಲ್ಲ. ಫಲಕ ಗಾಜಿನ ಮೇಲೆ ಬೇಡ, ಪಕ್ಕದ ಗೋಡೆಯಲ್ಲಿ ದೊಡ್ಡವರ ಎದೆ ಮಟ್ಟಕ್ಕೆ ಇರಲಿ. ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಬಂದವರಿಗೂ ಎಟುಕುತ್ತದೆ.

ಇಂಗ್ಲಿಷ್ ಫಲಕ ಬೇಕು ಅಂದರೆ ಅದನ್ನು ಬೇರೆ ಕೂತು ಬರೆಯಲಿ. ಈಗಿರುವ ಕನ್ನಡ ಬರಹ ಎಲ್ಲಿಂದಲೋ ಇಂಗ್ಲಿಷಿನಿಂದ ಇಳಿಸಿದ್ದು ಅಂತ ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ.

ನಾನು ಬರೆದದ್ದನ್ನೇ ಹಾಕಿ ಅಂತ ಕೇಳುತ್ತಿಲ್ಲ. ಶಿಲ್ಪ ಬಲ್ಲ ಒಬ್ಬರು ಮೊದಲು ನೋಡಲಿ. ಆಮೇಲೆ ಸಾದಾ ಹಾಳೆಯಲ್ಲಿ ಪ್ರಿಂಟ್ ತೆಗೆದು ಒಂದು ವಾರ ಗೋಡೆಗೆ ಅಂಟಿಸಲಿ. ಬಂದವರು ಓದಿದ ಮೇಲೆ ಬಗ್ಗಿ ಪೀಠವನ್ನು ನೋಡುತ್ತಾರಾ, ಮೂಗು ಯಾಕೆ ಸವೆದಿದೆ ಅಂತ ಕೇಳಿದರೆ ಅವರ ಮಾತಿನಲ್ಲಿ ಹೇಳುತ್ತಾರಾ ಅಂತ ಅಲ್ಲಿನ ಸಿಬ್ಬಂದಿ ಗಮನಿಸಲಿ. ಯಾರೂ ಬಗ್ಗಲಿಲ್ಲ ಅಂದರೆ ಮೊದಲ ಸಾಲು ಬದಲಾಯಿಸಬೇಕು. ಯಾವ ಪದದ ಹತ್ತಿರ ನಾಲಿಗೆ ತಡೆಯುತ್ತದೋ ಆ ಪದ ಹೋಗಬೇಕು.

ನಿಮ್ಮ ಹೆಸರಿನ ಬಗ್ಗೆಯೂ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅದು ಬಾಗಿಲ ಹತ್ತಿರದ ಬೋರ್ಡಿನಲ್ಲಿ ಇರಲಿ, ದುಡ್ಡು ಕೊಟ್ಟವರ ಹೆಸರು ಜನಕ್ಕೆ ಗೊತ್ತಾಗಬೇಕು. ಪಾರ್ವತಿಯ ಪಕ್ಕದ ಅರವತ್ತು ಪದದಲ್ಲಿ ಮಾತ್ರ ಯಾರ ಹೆಸರೂ ಬೇಡ. ಪ್ರಿಂಟಿನ ಆರ್ಡರ್ ಈ ವಾರ ಹೋಗುತ್ತದೆ ಅಂತ ಕೇಳಿದೆ. ಅದನ್ನು ಒಂದು ತಿಂಗಳು ನಿಲ್ಲಿಸಲು ನಿಮ್ಮ ಒಂದು ಫೋನ್ ಸಾಕು. ಇವತ್ತೇ ಮಾಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ನಿವೃತ್ತ ಶಿಕ್ಷಕಿ