ಮಾರ್ಚ್‌ನಲ್ಲಿ ಬಿಲ್, ಜೂನ್‌ನಲ್ಲಿ ಅಳತೆ: ನಮ್ಮ ಪಂಚಾಯಿತಿ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ನಮ್ಮ ಕೇರಿಯ ಕಾಂಕ್ರೀಟ್ ಚರಂಡಿ ಬಗ್ಗೆ ಬರೆಯುತ್ತಿದ್ದೇನೆ. ಅಳತೆಗೆ ಮೊದಲೇ ಹಣ ಕೊಟ್ಟಿದ್ದಾರೆ ಎಂದು ಅದರ ಮೇಲೆ ಆಡಿಟ್ ಆಕ್ಷೇಪಣೆ ಬಂದಿದೆ. ಪಂಚಾಯಿತಿ ಕೊಟ್ಟ ಉತ್ತರ ಒಂದೇ ಸಾಲು: ‘ಮುಂದೆ ಸರಿಪಡಿಸಿಕೊಳ್ಳಲಾಗುವುದು’. ಇಷ್ಟಕ್ಕೇ ಆಕ್ಷೇಪಣೆ ತೀರುವುದಿಲ್ಲ.

ಮಾಹಿತಿ ಹಕ್ಕಿನಲ್ಲಿ ಮೂರು ಕಾಗದ ಪಡೆದೆ. ನಗದು ಪುಸ್ತಕದಲ್ಲಿ ಮಾರ್ಚ್ 30ಕ್ಕೆ ಗುತ್ತಿಗೆದಾರರಿಗೆ ಪೂರ್ತಿ ಹಣ ಕೊಟ್ಟಿದ್ದಾಗಿ ಬರೆದಿದೆ. ಓಚರ್‌ನಲ್ಲಿ ಅಳತೆ ಪುಸ್ತಕದ ಪುಟ ಸಂಖ್ಯೆ ಬರೆಯುವ ಜಾಗ ಖಾಲಿ. ಅಳತೆ ಪುಸ್ತಕದಲ್ಲಿ ಇಂಜಿನಿಯರ್ ಸಹಿ ಜೂನ್ 18ರದ್ದು. ಅಂದರೆ ಅಳೆಯುವ ಮೊದಲೇ ಹಣ ಹೋಗಿದೆ. ಒಂದೊಂದು ಕಾಗದವನ್ನೂ ಬೇರೆ ಬೇರೆ ನೋಡಿದರೆ ಎಲ್ಲಾ ಸರಿ ಇದೆ ಅನಿಸುತ್ತೆ. ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗೋದು.

ಅನುದಾನ ವಾಪಸ್ ಹೋಗುತ್ತೆ ಅನ್ನೋ ಭಯಕ್ಕೆ ಮಾರ್ಚ್ ಕೊನೆಯಲ್ಲಿ ಹೀಗೆ ಮಾಡುತ್ತಾರೆ, ಗೊತ್ತು. ಆದರೆ ನಮ್ಮ ಹೊಸನಗರದ ಕಡೆ ಜೂನ್ 18ಕ್ಕೆ ಚರಂಡಿ ತುಂಬಾ ನೀರು, ಕೆಸರು. ತಳದ ಕಾಂಕ್ರೀಟನ್ನು ಹೇಗೆ ಅಳೆದರೋ!

ಬೇಸಿಗೆಯಲ್ಲಿ ನಾವು ಊರಿನವರೇ ಟೇಪ್ ಹಿಡಿದೆವು. ಅಳತೆ ಪುಸ್ತಕದ ಪ್ರಕಾರ ಉದ್ದ 80 ಮೀಟರ್. ನಮಗೆ ಸಿಕ್ಕಿದ್ದು 68. ಪಕ್ಕದ ಗೋಡೆ 10 ಸೆಂ.ಮೀ. ದಪ್ಪ ಅಂತ ಬರೆದಿದೆ. ಮೇಲಿನ ಅಂಚಿನಲ್ಲಿ ಎಲ್ಲಿ ಹಿಡಿದರೂ 8. ಗೋಡೆಯ ಎತ್ತರ 45 ಸೆಂ.ಮೀ., ತಳದ ಅಗಲ 60, ತಳದ ದಪ್ಪ 10. ಇವನ್ನು ಅಗೆಯದೆ ಪೂರ್ತಿ ನೋಡಲಾಗಲಿಲ್ಲ, ಹಾಗಾಗಿ ಪುಸ್ತಕದ ಲೆಕ್ಕವನ್ನೇ ಒಪ್ಪಿಕೊಂಡೆವು.

ಪುಸ್ತಕದ ಲೆಕ್ಕದಲ್ಲಿ ಎರಡು ಗೋಡೆ ಸೇರಿ 7.2 ಘನ ಮೀಟರ್, ತಳ 4.8, ಒಟ್ಟು 12. ನಮ್ಮ ಅಳತೆಯಲ್ಲಿ ಗೋಡೆ 4.9, ತಳ 4.1, ಒಟ್ಟು 9. ನಾಲ್ಕರಲ್ಲಿ ಒಂದು ಪಾಲು ಕಾಂಕ್ರೀಟ್ ಇಲ್ಲವೇ ಇಲ್ಲ. ಬಿಲ್ ಮಾತ್ರ 12ಕ್ಕೆ ಆಗಿದೆ.

ಇದು ಆಡಿಟ್ ವರದಿಯಲ್ಲಿಲ್ಲ. ಆಡಿಟ್‌ನವರು ಕಾಗದ ನೋಡಿ ದಿನಾಂಕದ ತಪ್ಪು ಹಿಡಿದರು. ಚರಂಡಿಗೆ ಇಳಿದು ಅಳೆಯಲಿಲ್ಲ. ಅವರನ್ನು ದೂರುವುದಿಲ್ಲ, ಕೈಗೆ ಕೊಟ್ಟ ಕಡತವನ್ನು ಅವರು ಪರಿಶೀಲಿಸಿದ್ದಾರೆ. ಆದರೆ ಆ ಹಣ ಹೊರಟಿದ್ದು ನಿಮ್ಮ ಮತ್ತು ಪಿಡಿಓ ಅವರ ಸಹಿಯಿಂದ ಅಲ್ವಾ?

ನಮ್ಮ ಟೇಪ್ ನಂಬಿ ಅಂತ ಹೇಳುತ್ತಿಲ್ಲ. ಮಳೆ ಹಿಡಿಯುವ ಮೊದಲು, ಮೇ ತಿಂಗಳೊಳಗೆ, ಒಂದು ದಿನ ಗೊತ್ತು ಮಾಡಿ. ಅಳತೆ ಬರೆದವರಲ್ಲದ ಬೇರೆ ಇಂಜಿನಿಯರ್ ಬಂದು ಊರಿನವರ ಎದುರು ಅಳೆಯಲಿ. ತಳವನ್ನೂ ಎರಡು ಕಡೆ ಕೊರೆದು ನೋಡಲಿ. ಕಡಿಮೆ ಬಂದಷ್ಟು ಹಣ ವಸೂಲಿ ಮಾಡಿ, ಜಮಾ ಆದ ರಸೀದಿಯನ್ನು ಆಡಿಟ್‌ಗೆ ಕೊಡುವ ಅನುಪಾಲನಾ ವರದಿಗೆ ಲಗತ್ತಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಿ. ಅಳತೆ ಸರಿ ಇದ್ದರೆ ಅದನ್ನೂ ಅಲ್ಲೇ ಹೇಳಿ, ನಾವು ಒಪ್ಪಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಪಂಚಾಯಿತಿಯ ಒಬ್ಬ ಕಂದಾಯದಾರ