ದೋಸ್ತಾ, ನಿನ್ನ ಮಾಕ್ ಇಂಟರ್‌ವ್ಯೂ ಓದಿದೆ

ಚಿಂಚವಡ, ಪುಣೆ

ದೋಸ್ತಾ,

ಹೊಸ ಕೆಲಸದ ಇಂಟರ್‌ವ್ಯೂಗೆ ಅಭ್ಯಾಸ ಆಗಲಿ ಅಂತ ನಮ್ಮಣ್ಣ ನಿನ್ನ ಮಾಕ್ ಇಂಟರ್‌ವ್ಯೂ ತಗೊಂಡಿದ್ದನಲ್ಲ, ಅದರ ರೆಕಾರ್ಡಿಂಗ್ ಕೇಳುತ್ತಾ ಬರಹರೂಪವನ್ನೂ ಓದಿದೆ. ಬರೀ ಬರಹ ನೋಡಿದರೆ ನೀನು ಎಲ್ಲಿ ತಡವರಿಸಿದೆ ಅನ್ನೋದು ಕಾಣೋದಿಲ್ಲ, ಅದಕ್ಕೆ ಎರಡೂ ಬೇಕು. ನೀನೇ ಹೇಳಿದ್ದಕ್ಕೆ ಈ ಪತ್ರ ಎಲ್ಲರಿಗೂ ಕಾಣೋ ಹಾಗೆ ಹಾಕುತ್ತಿದ್ದೇನೆ. ಕಂಪನಿ, ಗಿರಾಕಿ, ಯಾರ ಹೆಸರೂ ಇಲ್ಲ.

ಒಂದೇ ಉತ್ತರ ಹಿಡಿಯುತ್ತೇನೆ. "ನೀವೇ ಬಗೆಹರಿಸಿದ ಒಂದು ಕ್ವಾಲಿಟಿ ಸಮಸ್ಯೆ ಹೇಳಿ" ಅಂತ ಅಣ್ಣ ಕೇಳಿದ. ನೀನು ಚಾಕಣದ ಪ್ಲಾಂಟ್ ಯಾವಾಗ ಶುರುವಾಯಿತು, ಎಷ್ಟು ಮೋಲ್ಡಿಂಗ್ ಮಷೀನ್ ಇವೆ, ಗಿರಾಕಿ ಎಷ್ಟು ಕಟ್ಟುನಿಟ್ಟು, ಎಲ್ಲ ಹೇಳಿದೆ. ನೈಲಾನ್ ಕ್ಲಿಪ್ ಮೇಲೆ ಬೆಳ್ಳಿ ಗೆರೆ ಬೀಳುತ್ತಿತ್ತು ಅನ್ನೋ ಮಾತು ಬಂದದ್ದು ಎರಡನೇ ನಿಮಿಷ ದಾಟಿದ ಮೇಲೆ. ಮೂರನೇ ನಿಮಿಷದಲ್ಲಿ ಅಣ್ಣ ತಡೆದು "ಇದರಲ್ಲಿ ನೀವು ಏನು ಮಾಡಿದ್ರಿ?" ಅಂದ. ಬರಹದಲ್ಲಿ ಆ ಪ್ರಶ್ನೆಗೆ ಕೆಂಪು ಗೆರೆ ಎಳೆದಿದ್ದೇನೆ. ಕೇಳುವವನು ಹಾಗೆ ಕೇಳಬೇಕಾಯಿತು ಅಂದರೆ ಅಲ್ಲಿಯವರೆಗೆ ಅವನ ಹಾಳೆಯಲ್ಲಿ ಬರೆದುಕೊಳ್ಳೋಕೆ ಏನೂ ಸಿಕ್ಕಿಲ್ಲ.

ನಾನು ಮಾಡಿದ್ದು ಇಷ್ಟು: ಒಂದೊಂದೇ ವಾಕ್ಯ ಹೊಡೆದುಹಾಕಿ, ಮುಂದಿನದು ಅರ್ಥವಾಗುತ್ತದಾ ಅಂತ ನೋಡಿದೆ. ಮೊದಲ ಎರಡು ನಿಮಿಷದಲ್ಲಿ ಉಳಿದದ್ದು ಒಂದೇ ಮಾತು. ಮಳೆಗಾಲದಲ್ಲಿ ರಿಜೆಕ್ಷನ್ ಏರಿತ್ತು ಅನ್ನೋದು.

ಆಮೇಲೆ ಕ್ರಿಯಾಪದಗಳಿಗೆ ಗುರುತು ಹಾಕಿದೆ. "ಸ್ಟಡಿ ಮಾಡಿದ್ವಿ", "ಡ್ರೈಯರ್ ಸರಿಮಾಡಲಾಯಿತು", "ಟ್ಯಾಗ್ ಹಾಕಿದ್ವಿ". ಪ್ರತಿಯೊಂದರ ಪಕ್ಕದಲ್ಲಿ "ಯಾರು?" ಅಂತ ಬರೆದು ನಿನಗೆ ಫೋನ್ ಮಾಡಿದ್ದೆ, ನೆನಪಿದೆಯಾ? ತಾಸು ತಾಸಿಗೆ ರಿಜೆಕ್ಷನ್ ಬರೆದಿಟ್ಟವನು ನೀನು. ಹಾಪರ್‌ಗೆ ಹೊಸ ಚೀಲ ಸುರಿದ ಕೂಡಲೇ ಗೆರೆ ಹೆಚ್ಚಾಗುತ್ತದೆ ಅಂತ ಕಂಡುಹಿಡಿದವನೂ ನೀನೇ. ನೈಲಾನ್ ಗಾಳಿಯ ತೇವ ಹೀರುತ್ತೆ, ಆ ತೇವದಿಂದಲೇ ಗೆರೆ ಬೀಳೋದು; ಶಿಫ್ಟ್ ಬದಲಾಗುವಾಗ ಅದು ಸುಮಾರು 80 ಡಿಗ್ರಿಯಲ್ಲಿ ನಾಲ್ಕು ತಾಸು ಒಣಗದೆ ಮಷೀನಿನ ಒಳಗೆ ಹೋಗುತ್ತಿತ್ತು. ಒಣಗೋಕೆ ಇಟ್ಟ ಸಮಯವನ್ನು ಟ್ಯಾಗ್ ಮೇಲೆ ಬರೆಯೋದು ನಿನ್ನ ಸಲಹೆ. ಒಂದು ಡ್ರೈಯರ್‌ನ ಥರ್ಮೋಸ್ಟಾಟ್ ಕೆಟ್ಟಿತ್ತು, ಅದನ್ನು ಬದಲಿಸಿದ್ದು ಮೆಂಟೆನನ್ಸ್‌ನವರು. ಹಾಗಂತ ಎಲ್ಲ "ನಾವು"ಗಳನ್ನೂ "ನಾನು" ಮಾಡಬೇಡ. ಥರ್ಮೋಸ್ಟಾಟ್ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಸಿಕ್ಕಿಬೀಳುತ್ತೀ. ಅವರ ಕೆಲಸ ಅವರದ್ದು ಅಂತ ಹೇಳಿದರೆ ನಿನ್ನ ಪಾಲು ಇನ್ನಷ್ಟು ಸ್ಪಷ್ಟವಾಗುತ್ತದೆ.

ಈಗ ಫಲಿತಾಂಶ. ನನಗೆ ಹೆಚ್ಚು ಕಸಿವಿಸಿಯಾದದ್ದು ಇಲ್ಲೇ. "ರಿಜೆಕ್ಷನ್ ಬಹಳ ಕಮ್ಮಿ ಆಯ್ತು, ಮ್ಯಾನೇಜರ್ ಖುಷಿ ಆದ್ರು" ಅಂದಿದ್ದೀ. ಎಷ್ಟರಿಂದ ಎಷ್ಟಕ್ಕೆ? ಫೋನಿನಲ್ಲಿ ಹೇಳಿದೆ: ಜುಲೈನಲ್ಲಿ 100ಕ್ಕೆ 7, ಅಕ್ಟೋಬರ್‌ನಲ್ಲಿ 2. ಅಂಕಿ ಸಿಕ್ಕಿತು ಅಂತ ಸುಮ್ಮನಾಗಬೇಡ. ಪುಣೆಯಲ್ಲಿ ಫ್ಯಾಕ್ಟರಿ ನಡೆಸಿದವನು ತಕ್ಷಣ ಕೇಳುತ್ತಾನೆ: ಅಕ್ಟೋಬರ್ ಹೊತ್ತಿಗೆ ಮಳೆಯೇ ನಿಲ್ಲುತ್ತಾ ಬಂದಿರುತ್ತೆ, ನೈಲಾನ್ ಹೀರೋಕೆ ಗಾಳಿಯಲ್ಲಿ ತೇವ ಕಮ್ಮಿ, ಇದರಲ್ಲಿ ನಿಮ್ಮದೇನು ಹೆಚ್ಚುಗಾರಿಕೆ?

ಇದಕ್ಕೆ ಉತ್ತರ ನಿನ್ನ ಹತ್ತಿರವೇ ಇದೆ, ಆದರೆ ನೀನು ಹೇಳಲೇ ಇಲ್ಲ. ಟ್ಯಾಗ್ ಮೊದಲು ಹಾಕಿದ್ದು ನಾಲ್ಕನೇ ಮಷೀನಿಗೆ ಮಾತ್ರ. ಐದನೆಯದಕ್ಕೆ ಮೂರು ವಾರ ತಡವಾಗಿ. ಎರಡರಲ್ಲೂ ಅದೇ ಕ್ಲಿಪ್, ಮೊದಲು ಎರಡರಲ್ಲೂ 7ರ ಸುಮಾರು. ಆ ಮೂರು ವಾರದ ಸುರಿಮಳೆಯಲ್ಲಿ ನಾಲ್ಕನೆಯದು 3ಕ್ಕೆ ಇಳಿಯಿತು, ಐದನೆಯದು 6ರಲ್ಲೇ ಇತ್ತು. ಅಕ್ಟೋಬರ್‌ನ 2ಕ್ಕಿಂತ ಆಗಸ್ಟ್‌ನ ಈ 3ಕ್ಕೇ ತೂಕ ಜಾಸ್ತಿ. ಥರ್ಮೋಸ್ಟಾಟ್ ಬದಲಿಸಿದ್ದು ಆಮೇಲೆ ಅಂದೆಯಲ್ಲ, ಆ ತಾರೀಖನ್ನೊಮ್ಮೆ ಖಾತ್ರಿ ಮಾಡಿಕೋ. ಮೊದಲೇ ಬದಲಿಸಿದ್ದರೆ ಶ್ರೇಯ ಹಂಚಿಕೊಳ್ಳಬೇಕಾಗುತ್ತೆ.

ಉತ್ತರ ಹೀಗೆ ಬಂದರೆ ಸಾಕು:

"ಮಳೆಗಾಲದಲ್ಲಿ ನಮ್ಮ ನೈಲಾನ್ ಕ್ಲಿಪ್‌ಗಳಲ್ಲಿ 100ಕ್ಕೆ 7 ಬೆಳ್ಳಿ ಗೆರೆಯಿಂದ ರಿಜೆಕ್ಟ್ ಆಗುತ್ತಿದ್ದವು. ನಾನು ತಾಸು ತಾಸಿನ ಲೆಕ್ಕ ಬರೆದೆ. ಚೀಲ ಸುರಿದ ಮೇಲೆ ಏರುತ್ತಿತ್ತು, ಮಾಲು ಪೂರ್ತಿ ಒಣಗುತ್ತಿರಲಿಲ್ಲ. ಡ್ರೈಯರ್ ಮೇಲೆ ಸಮಯದ ಟ್ಯಾಗ್ ಹಾಕೋಣ ಅಂದೆ, ಸೂಪರ್‌ವೈಸರ್ ಒಪ್ಪಿ ಒಂದು ಮಷೀನಿನಲ್ಲಿ ಶುರುಮಾಡಿಸಿದರು. ಮೂರು ವಾರದಲ್ಲಿ ಅದು 3ಕ್ಕೆ ಇಳಿಯಿತು. ಟ್ಯಾಗ್ ಇಲ್ಲದ ಪಕ್ಕದ ಮಷೀನ್ 6ರಲ್ಲೇ ಇತ್ತು. ಆಮೇಲೆ ಅದಕ್ಕೂ ಹಾಕಿದರು."

ಗಡಿಯಾರ ಇಟ್ಟು ಓದಿದೆ, ಒಂದು ನಿಮಿಷ ಆಗಲಿಲ್ಲ. ಬಾಯಿಪಾಠ ಮಾಡಬೇಡ, ಉರು ಹೊಡೆದದ್ದು ನಿನ್ನ ದನಿಯಲ್ಲಿ ಕೂಡಲೇ ಗೊತ್ತಾಗುತ್ತೆ. ಥರ್ಮೋಸ್ಟಾಟ್ ಮಾತು ಅವರು ಕೇಳಿದರೆ ಹೇಳು.

ಸಂಬಳದ ಪ್ರಶ್ನೆಗೆ ನೀನು ಕೊಟ್ಟ ಉತ್ತರ ಚೆನ್ನಾಗಿದೆ, ಅದನ್ನು ಮುಟ್ಟಿಲ್ಲ. "ಈಗಿನ ಕೆಲಸ ಯಾಕೆ ಬಿಡ್ತೀರಿ" ಅನ್ನೋದು ಬಾಕಿ ಇದೆ. ಭಾನುವಾರ ಮಧ್ಯಾಹ್ನ ಬಾ, ಥರ್ಮೋಸ್ಟಾಟ್ ಬದಲಿಸಿದ ತಾರೀಖು ಬರೆದುಕೊಂಡು ಬಾ. ಅಣ್ಣನೂ ಇರುತ್ತಾನೆ.

ನಿನ್ನ ದೋಸ್ತ