ಮೇಲ್ ಸಬ್ಜೆಕ್ಟ್ ಬಗ್ಗೆ ಒಂದ್ಮಾತು

ಎಲ್ರಿಗೂ ನಮಸ್ಕಾರ, ಸೋಮವಾರದಿಂದ ಆಫೀಸ್ ಮೇಲ್‌ನಲ್ಲಿ ಇಷ್ಟು ಮಾಡೋಣ. ಮೊನ್ನೆ "ಪ್ರಿಂಟರ್ ರಿಪೇರಿ" ಮೇಲ್‌ಗೇ ರಿಪ್ಲೈ ಒತ್ತಿ ಯಾರೋ ರಜೆ ಲಿಸ್ಟ್ ಕೇಳಿದ್ರು, ಪ್ರಿಂಟರ್ ತಾನೇ ಅಂತ ಅರ್ಧ ಜನ ತೆಗೆದೇ ನೋಡಿಲ್ಲ (ನಾನೂ ಸೇರಿ). ಸಂಬಂಧನೇ ಇಲ್ಲದ ವಿಷ್ಯ ಆದ್ರೆ ಹೊಸ ಮೇಲ್ ಬರೀರಿ, ರಿಪ್ಲೈ ಒತ್ತಿ ಸಬ್ಜೆಕ್ಟ್ ಬದಲಾಯಿಸಿದ್ರೂ ಕೆಲವು ಆ್ಯಪ್‌ಗಳಲ್ಲಿ ಅದು ಹಳೇ ಚೈನ್‌ಗೇ ಹೋಗಿ ಕೂರುತ್ತೆ. ಮಾತು ಅದರಿಂದಲೇ ಹುಟ್ಟಿ ಬೇರೆ ಕಡೆ ಹೊರಳಿದ್ರೆ ಮಾತ್ರ ಸಬ್ಜೆಕ್ಟ್ ಬದಲಿಸಿ, "ಹೊಸ ಪ್ರಿಂಟರ್ ಬಜೆಟ್ (ಹಿಂದೆ: ಪ್ರಿಂಟರ್ ರಿಪೇರಿ)" ಅಂತ.

ಉದ್ದದ ಚೈನ್ ಫಾರ್ವರ್ಡ್ ಮಾಡುವಾಗ ಬರೀ "ನೋಡಿ" ಅಂತ ಹಾಕ್ಬೇಡಿ ಪ್ಲೀಸ್. ಮೇಲೆ ಮೂರು ಸಾಲು ಸಾಕು, ಏನು ತೀರ್ಮಾನ ಆಯ್ತು, ಏನು ಬಾಕಿ, ಅವ್ರು ಯಾವತ್ತೊಳಗೆ ಏನ್ ಮಾಡ್ಬೇಕು. ಕಳ್ಸೋ ಮುಂಚೆ ಕೆಳಗಿನ ತನಕ ಸ್ಕ್ರೋಲ್ ಮಾಡಿ, ಅವ್ರು ನೋಡ್ಬಾರದ್ದು ಇದ್ರೆ ಅಳಿಸಿ. ಓದಿದೋರು ಓಕೆ ಹಾಕಿ.